ಟೈರ್ ಮಾಮ ಖಾಲಿ ಬಿಟ್ಟ ಓಣಿ

“ಅಮ್ಮಾ, ಟೈರ್ ಮಾಮ ದಿನಾ ಗುಜರಿ ಮಾಮನ ಮನೆ ಗೇಟಿನ ತನಕ ಹೋಗ್ತಾರೆ, ಕೂಗದೇನೇ ವಾಪಸ್ ಬರ್ತಾರೆ. ಅವ್ರಿಗೆ ಕೂಗೋಕೆ ಬರಲ್ವಾ?”

ಮಗಳಿಗೆ ಶೂ ಹಾಕುತ್ತಿದ್ದೆ. “ಬೆರಳು ಒತ್ತುತ್ತಾ?” ಎಂದು ಕೇಳಿ ಮಾತು ತಪ್ಪಿಸಿದೆ. ಐದು ವರ್ಷದವಳಿಗೆ ಏನೆಂದು ಹೇಳಲಿ? ಅವಳು ಶಾಲೆಗೆ ಹೋದ ಮೇಲೆ ಬರೆಯಲು ಕೂತಿದ್ದೇನೆ. ಮುಂದೆ ಯಾವತ್ತಾದರೂ ಓದಿಕೊಳ್ಳಲಿ.

ಟೈರ್ ಮಾಮ ಮತ್ತು ಗುಜರಿ ಮಾಮ ಒಡಹುಟ್ಟಿದವರು. ನಮ್ಮ ಹಿತ್ತಲ ಗೋಡೆಯ ಆಚೆ ಒಂದು ಓಣಿ. ಅದರ ಎಡಕ್ಕೆ ಅಣ್ಣನ ಹಳೇ ಟೈರಿನ ಅಂಗಡಿ, ಬಲಕ್ಕೆ ತಮ್ಮನ ಪ್ಲಾಸ್ಟಿಕ್ ಗುಜರಿ. ಅಪ್ಪ ತೀರಿಕೊಂಡಾಗ ತಮ್ಮನಿಗೆ ಒಂದು ವರ್ಷವೂ ತುಂಬಿರಲಿಲ್ಲವಂತೆ. ಅಮ್ಮ ಕೂಲಿಗೆ ಹೋದರೆ, ಪಂಕ್ಚರ್ ಹಾಕುವ ಕೆಲಸಕ್ಕೆ ಸೇರಿದ್ದ ಅಣ್ಣ ಮಗುವನ್ನು ಟ್ರಾಕ್ಟರ್ ಟೈರಿನ ನಡುವೆ ಚಾಪೆ ಹಾಸಿ ಕೂರಿಸುತ್ತಿದ್ದನಂತೆ, ತೆವಳಿಕೊಂಡು ರಸ್ತೆಗೆ ಹೋಗದಿರಲಿ ಎಂದು. “ಅದರಲ್ಲೇ ಬೆಳೆದ ನೋಡಿ, ಅದಕ್ಕೇ ಸೊಂಟ ಹಾಗಿದೆ!” ಎಂದು ತಮ್ಮನ ಬೊಜ್ಜು ತೋರಿಸಿ ನಗುತ್ತಿದ್ದರು ಟೈರ್ ಮಾಮ.

ನಗು ಎಷ್ಟಿತ್ತೋ ಜಗಳವೂ ಅಷ್ಟೇ ಇತ್ತು. ಎಲ್ಲಾ ಜಗಳವೂ ಆ ಓಣಿಯದೇ. ಎರಡು ಲಾರಿ ಪಕ್ಕಪಕ್ಕ ಹೋಗುವಷ್ಟು ಅಗಲದ ಜಾಗ. ಅಲ್ಲಿ ಒಂದು ಚೀಲ ಇಡಲೂ ಅಣ್ಣ ಬಿಡುತ್ತಿರಲಿಲ್ಲ.

“ನಿಂಗೆ ಹೆಂಡ್ತಿಗಿಂತ ಈ ಖಾಲಿ ಜಾಗದ ಮೇಲೇ ಪ್ರೀತಿ ಜಾಸ್ತಿ ಕಣಣ್ಣ!”

“ಹೌದಪ್ಪಾ. ಅದು ಎದುರು ಮಾತಾಡಲ್ಲ.”

ಇಪ್ಪತ್ತರ ಪ್ರಾಯದಲ್ಲಿ ಟೈರ್ ಮಾಮ ಕೆಲಸಕ್ಕಿದ್ದ ಕಡೆ ಟೈರಿನ ಗುಡ್ಡೆಗೆ ಬೆಂಕಿ ಬಿದ್ದಿತ್ತು. ಒಂಬತ್ತು ದಿನ ಉರಿಯಿತಂತೆ. ನನಗೆ ಒಮ್ಮೆ ಟೈರ್ ಎತ್ತಿ ತೋರಿಸಿದ್ದರು. “ನೋಡಮ್ಮಾ, ಮೇಲಿಂದ ನೀರು ಹೊಯ್ದರೆ ಈ ಉಬ್ಬಿನ ಮೇಲೆ ಜಾರಿ ಹೋಗುತ್ತೆ. ಒಳಗಿನ ಟೊಳ್ಳಲ್ಲಿ ಗಾಳಿ ಇರುತ್ತೆ, ಬೆಂಕಿಗೆ ಅದೇ ಊಟ. ಕಾದ ರಬ್ಬರಿಂದ ಎಣ್ಣೆ ಇಳಿಯುತ್ತೆ, ಅದೂ ಉರಿಯುತ್ತೆ, ಹರಿದುಕೊಂಡು ಹೋಗಿ ಇನ್ನೊಂದು ಕಡೆ ಹಚ್ಚುತ್ತೆ. ಒಳಗಿನ ತಂತಿ ಶಾಖ ಹಿಡಿದಿಟ್ಟುಕೊಳ್ಳುತ್ತೆ.” ಮೂರನೇ ದಿನ ಗುಡ್ಡೆ ಕಪ್ಪಾಗಿ ಸುಮ್ಮನೆ ಬಿದ್ದಿತ್ತಂತೆ. ಆರಿತು ಎಂದುಕೊಂಡು ನಾಲ್ಕು ಒಳ್ಳೆಯ ಟೈರ್ ಎಳೆಯಲು ಹೋದರಂತೆ. ಗಾಳಿ ಒಳಗೆ ನುಗ್ಗಿ ಭುಗಿಲ್ಲೆಂದಿತು. ಅವರ ಎಡಗೈ ಮೇಲಿನ ಸುಟ್ಟ ಕಲೆ ಅಂದಿನದು. ಅದಕ್ಕೇ ಸ್ವಂತ ಅಂಗಡಿಯಲ್ಲಿ ಗುಡ್ಡೆಗಳು ಎದೆಯೆತ್ತರ ದಾಟದಂತೆ ನೋಡಿಕೊಂಡರು, ಗುಡ್ಡೆ ಗುಡ್ಡೆಗೂ ನಡುವೆ ಅಗಲವಾದ ದಾರಿ ಬಿಟ್ಟರು, ಓಣಿಯನ್ನೂ ಖಾಲಿ ಇಟ್ಟರು.

ತಮ್ಮನದು ಬೇರೆ ಸ್ವಭಾವ. ಪ್ಲಾಸ್ಟಿಕ್ಕನ್ನು ಬಣ್ಣ, ಜಾತಿ ನೋಡಿ ಬೇರೆ ಮಾಡಿ, ಯಂತ್ರದಲ್ಲಿ ಒತ್ತಿ, ತಂತಿ ಬಿಗಿದು ಬೇಲ್ ಕಟ್ಟುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಆದರೆ ಬೇಲ್‌ಗಳನ್ನು ಗೋಡೆಯಿಂದ ಗೋಡೆಗೆ ಒಂದಕ್ಕೊಂದು ಅಂಟಿಸಿ ಪೇರಿಸುತ್ತಿದ್ದರು. ಒಂದು ಸಲ ಅವನ್ನು ಒಯ್ಯಬೇಕಿದ್ದ ಲಾರಿ ಬರಲಿಲ್ಲ. ಒಂದು ವರ್ಷದ ದುಡಿಮೆ ಅಲ್ಲೇ ನಿಂತಿತ್ತು.

ಒಂದು ಮಂಗಳವಾರ ಬೆಳಿಗ್ಗೆ, ಅಲ್ಲೇ ಪಕ್ಕದಲ್ಲಿ ತಮ್ಮನ ಕೆಲಸದವರು ಹಳೇ ಕಬ್ಬಿಣದ ಟ್ಯಾಂಕನ್ನು ಗ್ಯಾಸ್ ಕಟರ್‌ನಿಂದ ಕೊಯ್ಯುತ್ತಿದ್ದರು. ಕಿಡಿ ತೆಳು ಪ್ಲಾಸ್ಟಿಕ್ ಹಾಳೆ ತುಂಬಿದ ಚೀಲಕ್ಕೆ ಬಿತ್ತು. ನಾನು ಒಗೆದ ಬಟ್ಟೆ ಹಿಂಡುತ್ತಿದ್ದೆ. ವಾಸನೆ ಬಂದು ತಲೆಯೆತ್ತುವುದರೊಳಗೆ ಕಪ್ಪು ಹೊಗೆ ತೆಂಗಿನ ಮರದೆತ್ತರ ಎದ್ದಿತ್ತು. ಗಾಳಿ ನಮ್ಮ ಕಡೆಗಿರಲಿಲ್ಲ, ಅಷ್ಟೇ ಪುಣ್ಯ.

ಟೈರ್ ಮಾಮ ಜೆಸಿಬಿ ತರಿಸಿದ್ದೇ ಓಣಿಗೆ ಹತ್ತಿರವಿದ್ದ ಟೈರಿನ ಸಾಲನ್ನು ಹಿಂದಕ್ಕೆ ಎಳೆಸಿದರು. ಕಾವಿಗೆ ಹತ್ತಿಕೊಳ್ಳದಿರಲಿ ಎಂದು ಫೈರ್ ಇಂಜಿನ್ನಿನವರು ಅದರ ಮೇಲೆ ನೀರು ಬಿಟ್ಟರು. ಎಣ್ಣೆಯಂತೆ ಕರಗಿ ಬರುವುದು ಚರಂಡಿಗೆ ಇಳಿಯದಂತೆ ಮಾಮ ಮಣ್ಣಿನ ಬದು ಹಾಕಿಸಿದರು. ಅಷ್ಟರಲ್ಲಿ ತಮ್ಮ ಓಡಿ ಬಂದರು. ಮುಖವೆಲ್ಲ ಮಸಿ.

“ಅಣ್ಣಾ, ಹಿಂದಿನ ನಲವತ್ತು ಬೇಲ್‌ಗೆ ಬೆಂಕಿ ತಗುಲಿಲ್ಲ. ಮುಂದೆ ದಾರಿ ಇಲ್ಲ. ಓಣಿಗೆ ಹಾಕ್ಕೋತೀನಿ.”

“ಬೇಡ.”

“ಏನು ಬೇಡ? ನಿನ್ನ ಟೈರ್ ಎಳೆಸ್ದೆ, ನನ್ನದು ಬೇಡ್ವಾ?”

“ಟೈರಿಗೆ ಕಿಡಿ ಬಿದ್ದಿಲ್ಲ ಕಣೋ. ನಿನ್ನ ಬೇಲ್ ಮೇಲೆ ಬಿದ್ದಿದೆ. ಒತ್ತಿ ಕಟ್ಟಿದ್ದು, ಒಳಗೆ ಹೊಕ್ಕಿದ್ರೆ ಹೊರಗೆ ಕಾಣಲ್ಲ. ಅದನ್ನ ಇಲ್ಲಿಗೆ ತಂದ್ರೆ ಬೆಂಕಿನ ಕೈಹಿಡಿದು ದಾಟಿಸಿದ ಹಾಗೆ. ಟೈರು ಹತ್ತುತ್ತೆ, ಆಮೇಲೆ ಆ ಮನೆಗಳು.”

‘ಆ ಮನೆಗಳು’ ಎಂದಾಗ ಅವರ ಕೈ ನಮ್ಮ ಗೋಡೆಯ ಕಡೆಗಿತ್ತು.

ತಮ್ಮ ಕೇಳಲಿಲ್ಲ. ಇಬ್ಬರು ಕೆಲಸದವರ ಜೊತೆ ಸೇರಿ ಒಂದು ಬೇಲನ್ನು ಉರುಳಿಸಿಕೊಂಡು ಓಣಿಯ ನಡುವೆ ತಂದೇ ಬಿಟ್ಟರು. ನೀಲಿ ಡ್ರಮ್ಮಿನ ಚೂರುಗಳು, ಹೊಸದರಂತೆ ಹೊಳೆಯುತ್ತಿದ್ದವು. ಟೈರ್ ಮಾಮ ಫೈರಿನ ಹಿರಿಯರ ಮುಖ ನೋಡಿದರು. ಅವರು ಎಲ್ಲರನ್ನೂ ಹಿಂದೆ ಸರಿಸಿ, ನೀರಿನ ಪೈಪ್ ಸಿದ್ಧ ಹಿಡಿಸಿ, ಉದ್ದನೆಯ ಕೊಕ್ಕೆಯಿಂದ ತಂತಿ ಕಿತ್ತರು. ಬೇಲ್ ಬಾಯಿ ಬಿಟ್ಟಿತು. ಹೊಟ್ಟೆಯೊಳಗೆ ಅಂಗೈಯಗಲದ ಕೆಂಪು. ಗಾಳಿ ತಾಕಿದ್ದೇ ಹೊತ್ತಿಕೊಂಡಿತು. ನೀರು ಬಿಟ್ಟು, ಬಿಡಿಸಿ ಹರಡಿ, ಮತ್ತೆ ನೀರು ಬಿಟ್ಟ ಮೇಲೆ ಆರಿತು.

ತಮ್ಮ ಕೇಳಿದರು.

“ಒಂದರಲ್ಲಿತ್ತು. ನಲವತ್ತರಲ್ಲೂ ಇದ್ಯಾ?”

“ಗೊತ್ತಿಲ್ಲ.”

“ಗೊತ್ತಿಲ್ದೇನೇ ನನ್ನ ಸುಡ್ತೀಯಾ?”

ಟೈರ್ ಮಾಮ ಜೆಸಿಬಿಯವನಿಗೆ ಕೈ ಮಾಡಿದರು. ಓಣಿಯ ಬಾಯಿಗೆ ಮಣ್ಣು ಬಿತ್ತು. ಮಿಕ್ಕ ಬೇಲ್‌ಗಳು ಆ ಕಡೆಯೇ ಉಳಿದವು.

ಐದು ದಿನ ಉರಿಯಿತು. ಕರಗಿದ ಪ್ಲಾಸ್ಟಿಕ್ ಮೇಲೆ ಹಪ್ಪಳದಂತೆ ಗಟ್ಟಿಯಾಗಿ, ನೀರು ಒಳಕ್ಕಿಳಿಯದೆ ಹರಿದು ಹೋಗುತ್ತಿತ್ತು. ಜೆಸಿಬಿ ಒಂದೊಂದು ಬೊಗಸೆ ಎಳೆಯಬೇಕು, ಹರಡಬೇಕು, ನೆನೆಸಬೇಕು, ಮಣ್ಣು ಮುಚ್ಚಬೇಕು. ಗಾಳಿ ತಿರುಗಬಹುದೆಂದು ನಾನು ಮಗಳನ್ನು ಕರೆದುಕೊಂಡು ಅಕ್ಕನ ಮನೆಗೆ ಹೋದೆ. ನನ್ನ ದಿನಚರಿಯ ಆ ದಿನಗಳ ಪುಟದಲ್ಲಿ ‘ಬಟ್ಟೆ ಒಣಗಿಲ್ಲ’ ಎಂದಷ್ಟೇ ಬರೆದಿದ್ದೇನೆ. ಹಿಂತಿರುಗಿದಾಗ ಟೈರುಗಳು ಇದ್ದವು, ನಮ್ಮ ಸಾಲಿನ ಮನೆಗಳೂ ಇದ್ದವು. ಬಲಗಡೆ ಏನೂ ಇರಲಿಲ್ಲ.

ಆಮೇಲೆ ಅಣ್ಣನೊಡನೆ ತಮ್ಮ ಮಾತು ಬಿಟ್ಟರು. ಪಕ್ಕದ ಬೀದಿಯ ಮನೆಯಲ್ಲೇ ಇದ್ದಾರೆ. ಅವರ ಹೆಂಡತಿ ನನ್ನ ಗೆಳತಿ, ನಮ್ಮ ಹೆಣ್ಣುಮಕ್ಕಳು ಒಂದೇ ತರಗತಿ. ಅವಳು ಒಮ್ಮೆ ಅಂದಳು: “ಬಾವ ಮಾಡಿದ್ದು ಸರಿ ಅಂತ ಇವ್ರಿಗೂ ಗೊತ್ತು ಕಣೇ. ಸರಿ ಅನ್ನೋದನ್ನೇ ಇವ್ರಿಗೆ ತಡ್ಕೊಳ್ಳಕ್ಕಾಗ್ತಿಲ್ಲ.”

ಟೈರ್ ಮಾಮ ಸೊರಗಿದ್ದಾರೆ. ಓಣಿಯಲ್ಲಿ ಈಗ ನಗುವೂ ಇಲ್ಲ, ಜಗಳವೂ ಇಲ್ಲ. ಮೊನ್ನೆ ಸೈಕಲ್ ಟ್ಯೂಬಿಗೆ ತೇಪೆ ಹಾಕಿಸಲು ಹೋದಾಗ, ತೇಪೆ ಒತ್ತುತ್ತಾ, ತಲೆಯೆತ್ತದೆ ಕೇಳಿದರು:

“ಅವನು ಕೆರೆ ದಂಡೆ ಕಡೆ ಹೊಸ ಜಾಗ ಹಿಡಿದಿದ್ದಾನಂತೆ, ಹೌದಾ?”

“ಹೌದು ಮಾಮ. ಬೇಲ್ ಕಟ್ಟೋಕೂ ಶುರು ಮಾಡಿದ್ದಾರೆ.”

ತೇಪೆ ಅಂಟಿದ್ದರೂ ಹೆಬ್ಬೆರಳು ಅಲ್ಲೇ ಒತ್ತಿಕೊಂಡಿತ್ತು.

“ಒಂದು ಉಪಕಾರ ಮಾಡ್ತೀಯೇನಮ್ಮಾ? ಅವನ ಹೆಂಡ್ತಿನ ನೋಡೋ ನೆಪದಲ್ಲಿ ಆ ಕಡೆ ಒಂದ್ಸಲ ಹೋಗಿ ಬಾ. ಸಾಲುಗಳ ನಡುವೆ ಎಷ್ಟು ಜಾಗ ಬಿಟ್ಟಿದ್ದಾನೆ, ಕಟರ್ ಎಲ್ಲಿಟ್ಟಿದ್ದಾನೆ, ನೋಡು. ಕಡಿಮೆ ಬಿಟ್ಟಿದ್ರೆ ನೀನೇ ಹೇಳು, ನಿಂಗೇ ಹೊಳೆದ ಹಾಗೆ ಹೇಳು. ನಾನು ಕಳಿಸ್ದೆ ಅಂತ ಮಾತ್ರ ಹೇಳ್ಬೇಡ. ನಾನಂದೆ ಅಂತ ಗೊತ್ತಾದ್ರೆ, ಬಿಟ್ಟಿರೋ ಜಾಗಾನೂ ತುಂಬಿಬಿಡ್ತಾನೆ.”