ಕುರ್ಚಿಯಿಂದೇಳಲು ಹನ್ನೆರಡು ವಾರ

ಇನ್ನು ಹನ್ನೆರಡು ವಾರಕ್ಕೆ ನಮ್ಮ ವಿಭಾಗ ಮುಚ್ಚುತ್ತದೆ ಎಂದು ಸ್ಟುಡಿಯೊದವರು ಹೇಳಿದ ದಿನವೇ ನಾನು ಒಂದು ಹಾಳೆಯ ಮೇಲೆ ಹನ್ನೆರಡು ಚೌಕ ಬರೆದು ಗೋಡೆಗೆ ಅಂಟಿಸಿದೆ. ಒಂಬತ್ತು ವರ್ಷದಿಂದ ನನ್ನ ಕೆಲಸವೆಂದರೆ ಸಿನಿಮಾದ ಪ್ರತಿ ಫ್ರೇಮಿನಲ್ಲೂ ನಟರ ಅಂಚಿಗೆ ಗೆರೆ ಎಳೆದು ಅವರನ್ನು ಹಿನ್ನೆಲೆಯಿಂದ ಬಿಡಿಸುವುದು. ಎಷ್ಟೋ ನಾಯಕಿಯರ ಕೂದಲನ್ನು ಎಳೆ ಎಳೆಯಾಗಿ ಬಿಡಿಸಿದ್ದೇನೆ, ನನ್ನ ತಲೆ ಬಾಚಿಕೊಳ್ಳಲು ಪುರುಸೊತ್ತಿರಲಿಲ್ಲ. ಈಗ ಅದನ್ನು ಸಾಫ್ಟ್‌ವೇರ್ ಮಾಡುತ್ತದಂತೆ. ಅನಿಮೇಷನ್ ವಿಭಾಗದಲ್ಲಿ ಒಂದೇ ಒಂದು ಜಾಗ ಖಾಲಿಯಿತ್ತು. ಪರೀಕ್ಷೆ ಇಷ್ಟೇ: ಒಬ್ಬ ಮನುಷ್ಯ ಕುರ್ಚಿಯಿಂದ ಏಳುವುದನ್ನು ಒಂದೊಂದೇ ಚಿತ್ರವಾಗಿ ಬರೆದು ತೋರಿಸಬೇಕು. ವಿಡಿಯೊ ನೋಡಿಕೊಳ್ಳಬಹುದು, ಅದರ ಮೇಲೆ ಗೆರೆ ಎಳೆಯುವಂತಿಲ್ಲ.

ಯಾರ ಬಳಿಯಾದರೂ ಹೋಗಿ ಕಲಿಯಲು ನನಗೆ ಸಮಯವೂ ಇರಲಿಲ್ಲ, ಸಹನೆಯೂ ಇರಲಿಲ್ಲ. ದಿನಾ ಬೆಳಗ್ಗೆ ಬಸ್ಸಿಗೆ ಮೊದಲು ಒಂದು ಗಂಟೆ ಎಂದು ನಾನೇ ಗೊತ್ತುಮಾಡಿಕೊಂಡೆ. ಮೊದಲ ವಾರ ಪುಟಿಯುವ ಚೆಂಡು. ಆಮೇಲೆ ಅದೇ ಚೆಂಡಿನ ಹಿಗ್ಗು-ಕುಗ್ಗು, ಲೋಲಕದ ಬಾಗು, ನೆಗೆಯುವ ಮುಂಚಿನ ಕುಗ್ಗುವಿಕೆ, ಮೈಯ ಹಿಂದೆ ತಡವಾಗಿ ಬರುವ ಬಾಲ, ಎರಡೆರಡು ವಾರ ಹಿಟ್ಟಿನ ಚೀಲದ ಭಾರ ಮತ್ತು ನಡಿಗೆ. ಕೊನೆಯ ಮೂರು ವಾರ ಕುರ್ಚಿಗೆ.

ಅಪ್ಪ ಕುಷಾಯಿಗೂಡದ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್ ಆಗಿ ನಿವೃತ್ತರಾದವರು. ವಾರ ಮುಗಿದಾಗ ಚೌಕಕ್ಕೆ ಕೆಂಪು ಪೆನ್ಸಿಲಿನಿಂದ ಟಿಕ್ ಹಾಕುವ ಅಧಿಕಾರವನ್ನು ತಾವೇ ವಹಿಸಿಕೊಂಡರು. ಮೊದಲ ವಾರ ನಾನು ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಡಿವೈಡರ್ ಹಿಡಿದು ಹಾಳೆಗಳಲ್ಲಿ ನಾನು ಬರೆದಿದ್ದ ಹನ್ನೆರಡು ಚೆಂಡುಗಳನ್ನೂ ಅಳತೆ ಮಾಡಿ, ಅಳಿಸಿ, ಬೇರೆ ಬರೆದಿದ್ದರು.

“ಒಂದೊಂದು ಚೆಂಡಿನ ನಡುವ ಒಂದೊಂದು ಅಂತರ ಇತ್ತವ್ವಾ. ಎಲ್ಲಾ ಸಮ ಮಾಡೀನಿ ನೋಡು.”

ಫೋನಿನಲ್ಲಿ ಒಂದಾದ ಮೇಲೊಂದು ಆಡಿಸಿ ನೋಡಿದರೆ ಚೆಂಡು ಲಿಫ್ಟಿನಲ್ಲಿ ಹತ್ತಿಳಿದಂತೆ ಹೋಗಿಬಂತು. “ಮ್ಯಾಲೆ ಹೋದಂಗ ನಿಧಾನ ಆಗ್ತೈತ್ರಿ ಅಪ್ಪಾ, ಅಲ್ಲಿ ಹತ್ತಿರ ಹತ್ತಿರ ಇರಬೇಕು. ನೆಲದ ಹತ್ತಿರ ದೂರ ದೂರ,” ಎಂದು ಕೂಗಾಡಿದೆ. ಅಪ್ಪ ಡಿವೈಡರನ್ನು ಪೆಟ್ಟಿಗೆಯಲ್ಲಿಟ್ಟರು. ನಲವತ್ತು ವರ್ಷ ಒಂದು ಗೆರೆ ಹೆಚ್ಚುಕಮ್ಮಿ ಮಾಡದವರ ಮೇಲೆ ಹಾಗೆ ಕೂಗಿದ್ದಕ್ಕೆ ನನಗೆ ನಾಚಿಕೆಯಾಯಿತು. ಆದರೆ ಸಿಟ್ಟಿನ ನಿಜವಾದ ಕಾರಣ ಬೇರೆ. ನನ್ನ ಕೈಯೂ ಅವರದೇ ಕೈ. ಇದ್ದ ಗೆರೆಯ ಮೇಲೆ ಹೋಗು ಎಂದರೆ ಹೋಗುತ್ತದೆ, ಇಲ್ಲದ ಗೆರೆ ಎಳೆ ಎಂದರೆ ನಡುಗುತ್ತದೆ.

ಏಳನೇ ವಾರದ ಹಿಟ್ಟಿನ ಚೀಲ ದಿಂಬಿನಷ್ಟೇ ಹಗುರವಾಗಿತ್ತು. ಒಂಬತ್ತನೆಯ ವಾರದ ನಡಿಗೆಯಲ್ಲಿ ಕಾಲು ನೆಲದ ಮೇಲೆ ಜಾರಿತು. ಅಪ್ಪ ಎಲ್ಲಕ್ಕೂ ಟಿಕ್ ಹಾಕಿದರು.

ಹತ್ತನೇ ವಾರ ಅವರನ್ನೇ ಎದುರಿಗೆ ಕೂರಿಸಿಕೊಂಡೆ. ಅವರ ಮೊಣಕಾಲು ನೋವಿನದು. ಮೊದಲು ತುಸು ಹಿಂದಕ್ಕೆ ವಾಲುತ್ತಾರೆ, ಪಾದಗಳನ್ನು ಕುರ್ಚಿಯ ಕೆಳಗೆ ಎಳೆದುಕೊಳ್ಳುತ್ತಾರೆ, ತಲೆ ಮುಂದೆ ಬಗ್ಗುತ್ತದೆ, ಅಂಗೈ ತೊಡೆಯನ್ನು ಒತ್ತುತ್ತದೆ, ಆಮೇಲೆ ಸೊಂಟ ಏಳುತ್ತದೆ. ನಾನು ಬಗ್ಗಿದ ಭಂಗಿಯನ್ನು ಇರುವುದಕ್ಕಿಂತ ಹೆಚ್ಚು ಬಗ್ಗಿಸಿ, ನಾಲ್ಕು ಫ್ರೇಮ್ ಹೆಚ್ಚು ನಿಲ್ಲಿಸಿದೆ. ಗೆರೆಗಳು ಕಾಗೆಯ ಕಾಲಿನಂತಿದ್ದವು. ಒಂದು ಕಿವಿ ಪ್ರತಿ ಚಿತ್ರದಲ್ಲೂ ಜಾಗ ಬದಲಿಸುತ್ತಿತ್ತು.

ನನಗೆ ಅದನ್ನು ನೋಡಲಾಗಲಿಲ್ಲ. ಹನ್ನೆರಡನೇ ವಾರದ ಬುಧವಾರ ಅಪ್ಪ ಏಳುವುದನ್ನು ಫೋನಿನಲ್ಲಿ ಹಿಡಿದು, ಅದರ ಮೇಲೆ ಗೆರೆ ಎಳೆದುಬಿಟ್ಟೆ. ಸುಳ್ಳು ಹೇಳುವುದಿಲ್ಲ, ಎಳೆಯುವಾಗ ಕೈಗೆ ಹಾಯೆನಿಸಿತು.

ಎರಡನ್ನೂ ಅಪ್ಪನಿಗೆ ತೋರಿಸಿದೆ. ಅವರು ಮೊದಲನೆಯದನ್ನು ಮೂರು ಸಲ ನೋಡಿದರು.

“ಇವಗ ಮೊಣಕಾಲು ನೋಯಾಕತ್ತೈತಿ. ಇದು ನಾನು.” ಎರಡನೆಯದಕ್ಕೆ, “ಇದು ಭಾಳ ಚಂದ ಐತಿ. ಆದ್ರ ಇವಗ ಏನೂ ನೋಯವಲ್ದು,” ಎಂದರು.

ನಾನು ಚಂದದ್ದನ್ನೇ ಕಳಿಸಿದೆ.

ಅನಿಮೇಷನ್ ವಿಭಾಗದ ಸೂಪರ್‌ವೈಸರ್ ಒಂದೇ ಸಲ ಆಡಿಸಿದರು. “ಟ್ರೇಸ್ ಕಿಯೇ ನಾ ಮೇಡಂ?” ವಿಡಿಯೊ ಮೇಲೇ ಎಳೆದಿರಲ್ಲವೇ ಎಂದರು, ಬೈಯುವ ದನಿಯಲ್ಲೂ ಅಲ್ಲ. ಭಾರ ಎಲ್ಲೂ ಕೂತಿಲ್ಲ, ಮನುಷ್ಯ ತೇಲುತ್ತಿದ್ದಾನೆ, ಆದರೆ ಗೆರೆ ಮಾತ್ರ ಎಷ್ಟು ಸ್ವಚ್ಛ ಎಂದು ಹೊಗಳಿದರು. ಇನ್ನೊಂದಿದೆ ಎನ್ನಲು ಬಾಯಿ ತೆರೆದೆ. ಮೋಸ ಮಾಡಿ ಸಿಕ್ಕಿಬಿದ್ದವಳು ಯಾವ ಮುಖದಿಂದ ಹೇಳುವುದು? ಐಡಿ ಕಾರ್ಡನ್ನು ಕೌಂಟರಿನಲ್ಲಿ ಕೊಟ್ಟು ಬಂದೆ.

ಅಪ್ಪ ಗೋಡೆಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದರು, ಕೈಯಲ್ಲಿ ಕೆಂಪು ಪೆನ್ಸಿಲು.

“ನನ್ನ ನೋಡಿದ್ರೇನು?”

“ಇಲ್ರಿ ಅಪ್ಪಾ,” ಎಂದೆ. “ನಿಮ್ಮನ್ನ ನಾ ಕಳಿಸಲೇ ಇಲ್ಲ.”

 ಅಪ್ಪ ತುಸು ಹಿಂದಕ್ಕೆ ವಾಲಿ, ಪಾದ ಎಳೆದುಕೊಂಡು, ತೊಡೆ ಒತ್ತಿ ಎದ್ದರು. ಹನ್ನೆರಡನೇ ಚೌಕಕ್ಕೆ ಟಿಕ್ ಹಾಕದೆ ಒಳಗೆ ಹೋದರು.