ಕಲ್ಲಣೈಗೆ ಹೊರಟ ಅಮ್ಮನ ಅನುಮಾನ

ಕತ್ರಿಗುಪ್ಪೆಯ ನಮ್ಮ ಮನೆಯ ನಲ್ಲಿಯಲ್ಲಿ ನೀರು ಸಣ್ಣಗಾದ ಬೇಸಿಗೆಯಲ್ಲೇ ಅಮ್ಮನ ಮೊಬೈಲಿಗೆ ಒಂದು ವಿಡಿಯೋ ಬಂತು. ಉದ್ದನೆಯ ಸೇತುವೆಯೊಂದರ ಗೇಟುಗಳಿಂದ ಕೆಂಪು ನೀರು ನುಗ್ಗುತ್ತಿತ್ತು. ಕಾವೇರಿಯನ್ನು ಸಮುದ್ರಕ್ಕೆ ಬಿಡುತ್ತಿದ್ದಾರೆ ಎಂದು ಅದರ ಕೆಳಗೆ ಬರೆದಿತ್ತು. ತಮಿಳುನಾಡಿನ ಕಲ್ಲಣೈ ಅಣೆಕಟ್ಟು ಅದು. ನಮ್ಮ ಮೇಲಿನ ಮನೆಯ ಬಾಡಿಗೆದಾರರಾದ ಕಾಲೇಜು ಮೇಡಂ ಆ ಸೀಮೆಯವರೇ.

ಅಮ್ಮ ಮೆಟ್ಟಿಲ ಕೆಳಗೇ ಅವರನ್ನು ತಡೆದು ನಿಲ್ಲಿಸಿದರು. "ನೋಡಮ್ಮ, ಇಷ್ಟು ನೀರು ಸುಮ್ನೆ ಹೋಗ್ತಾ ಇದೆ. ಆಮೇಲೆ ನಮಗೆ ಇನ್ನೂ ನೀರು ಬಿಡಿ ಅಂತೀರ?"

"ಅದು ಪ್ರವಾಹದ ದಿನ ತೆಗೆದಿದ್ದು ಅಮ್ಮಾ. ಆ ಅಣೆಕಟ್ಟು ನೀರು ಕೂಡಿಡೋಕೆ ಅಲ್ಲ, ತಿರುಗಿಸೋಕೆ. ಸುಮಾರು ಎರಡು ಸಾವಿರ ವರ್ಷದಿಂದ ಅದೇ ಕೆಲಸ ಮಾಡ್ತಿದೆ."

ಆ ಮಾತು ಅಮ್ಮನ ಅನುಮಾನವನ್ನು ಇನ್ನಷ್ಟು ಕೆದಕಿತು. ಇಲ್ಲಿ ರಾಗಿ, ಭತ್ತ ಬೆಳೆದು ದೊಡ್ಡವರಾದವರು ಅವರು. ಆ ಹೊಲಗಳೇ ಈಗ ಸೈಟುಗಳಾಗಿವೆ. "ನಮ್ಮ ಕೆರೆ ಏರಿಗೇ ವರ್ಷಾವರ್ಷ ಮಣ್ಣು ಹಾಕ್ಬೇಕಿತ್ತು. ಎರಡು ಸಾವಿರ ವರ್ಷವಂತೆ! ಬಿಡ್ತಾಳೆ ಸುಳ್ಳು," ಎಂದು ನನ್ನೆದುರು ಗೊಣಗಿದರು. ಅಲ್ಲಿಂದ ಮುಂದೆ ಮೇಲಿನ ಮನೆಯ ನೀರಿನ ಮೋಟಾರಿನ ಸದ್ದಾದರೂ ಕಿವಿ ನಿಮಿರಿಸುತ್ತಿದ್ದರು. ಮೇಡಂ ಇಳಿದು ಹೋಗುವಾಗ ಮಾತಾಡದೆ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಶ್ರಾವಣದಲ್ಲಿ ಮೇಡಂ ಅಣ್ಣನ ಮಗಳ ಮದುವೆ ಬಂತು. ಕರೆಯಲು ಬಂದವರು, "ಅಣೆಕಟ್ಟು ದಾರೀಲೇ ಸಿಗತ್ತೆ, ನಿಮ್ಮ ಕಣ್ಣಾರೆ ನೋಡಿ" ಎಂದರು. ಬರುವುದಿಲ್ಲ ಎನ್ನುತ್ತಾರೆಂದು ನಾನು ಅಂದುಕೊಂಡಿದ್ದೆ. ಅಮ್ಮ ಮಾತ್ರ, "ಬರ್ತೀನಿ, ನಿಜವೋ ಸುಳ್ಳೋ ಹಿಡಿದೇ ಬಿಡ್ತೀನಿ," ಎಂದರು.

ತಿರುಚ್ಚಿ ದಾಟಿ ಕಲ್ಲಣೈಯ ಸೇತುವೆಯ ಮೇಲೆ ಇಳಿದಾಗ ಎಡಗಡೆಯ ಗೇಟುಗಳು ತೆರೆದಿದ್ದವು. ನೀರು ಭೋರ್ಗರೆಯುತ್ತಿತ್ತು. ಅಮ್ಮ ನನ್ನ ತೋಳು ಹಿಡಿದರು. "ನೋಡಿದ್ಯಾ! ನಾನು ಹೇಳ್ಲಿಲ್ವಾ?"

ಮೇಡಂ ಬೇಸರಿಸದೆ ಕೈ ಚಾಚಿ ತೋರಿಸಿದರು. ನದಿ ಬರುವುದು ನಮ್ಮ ಬೆನ್ನ ಹಿಂದಿನಿಂದ. ಎಡಕ್ಕೆ ಕೊಳ್ಳಿಡಂ, ನೆಟ್ಟಗೆ ಸಮುದ್ರಕ್ಕೆ ಓಡುವ ತಗ್ಗಿನ ದಾರಿ. ಮುಂದೆ ಬಲಕ್ಕೆ ಕಾವೇರಿ, ಅದರಾಚೆ ವೆಣ್ಣಾರು, ಕೊನೆಗೆ ಹೊಸ ಕಾಲುವೆ. ಈ ಮೂರೂ ಗದ್ದೆಗಳಿಗೆ ಹೋಗುವಂಥವು, ಒಂದೊಂದಕ್ಕೂ ತನ್ನದೇ ಗೇಟು. "ಮಾಮೂಲಿ ದಿನ ಎಡಗಡೆ ಮುಚ್ಚಿರತ್ತೆ. ಮೇಲಿನ ಜಲಾಶಯ ತುಂಬಿ ಬಿಟ್ಟಾಗ ಮಾತ್ರ ತೆಗೀತಾರೆ."

"ತೆಗೀದೇ ಇದ್ರೆ?"

"ಅಷ್ಟೂ ನೀರು ಗದ್ದೆ ಕಡೆ ನುಗ್ಗತ್ತೆ. ದಂಡೆ ಒಡೆದು ಮದುವೆಮನೆ ಊರೂ ಮುಳುಗತ್ತೆ."

"ಕೋಡಿ ಅನ್ನು ಹಾಗಾದ್ರೆ," ಎಂದು ಅಮ್ಮ ತಮಗೆ ತಾವೇ ಹೇಳಿಕೊಂಡರು. ನಮ್ಮ ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಹರಿಯುತ್ತಿದ್ದ ಜಾಗ ಕೋಡಿ. ಅದರ ಮೇಲೆ ಮನೆ ಎದ್ದ ವರ್ಷವೇ ಮಳೆನೀರು ನಮ್ಮ ಅಡುಗೆಮನೆಗೆ ಬಂದಿತ್ತು.

ಆದರೂ ಅವರು ಸೋಲೊಪ್ಪಲಿಲ್ಲ. ಗೇಟಿನ ಕಂಬವನ್ನು ತಟ್ಟಿದರು. "ಇದು ಕಾಂಕ್ರೀಟು. ಎರಡು ಸಾವಿರ ವರ್ಷದ ಕಲ್ಲೆಲ್ಲಿ?"

"ಅಡಿಯಲ್ಲಿ. ಗೇಟು, ಸೇತುವೆ ಎಲ್ಲ ಬ್ರಿಟಿಷರ ಕಾಲದ್ದು, ಆಮೇಲಿಂದು. ಚೋಳರ ಕಾಲದಲ್ಲಿ ಹಾವಿನ ಹಾಗೆ ಬಳುಕಿದ ತಗ್ಗಿನ ಕಲ್ಲಿನ ಒಡ್ಡು ಇತ್ತು. ಪ್ರವಾಹ ಬಂದ್ರೆ ಅದರ ಮೇಲೇ ಹರಿದು ಕೊಳ್ಳಿಡಂಗೆ ಬೀಳ್ತಿತ್ತು."

"ಮರಳಿನ ಮೇಲೆ ಕಲ್ಲು ನಿಲ್ಲತ್ತಾ?"

"ನಿಲ್ಲಲ್ಲ, ಹೂತುಹೋಗತ್ತೆ. ದೊಡ್ಡ ಕಲ್ಲು ಇಟ್ರೆ ಹರಿಯೋ ನೀರು ಅದರ ಬುಡದ ಮರಳನ್ನ ಕೊರೆಯತ್ತೆ, ಕಲ್ಲು ಇಳಿಯತ್ತೆ. ಅದರ ಮೇಲೆ ಇನ್ನೊಂದು ಇಡೋದು. ಗಟ್ಟಿ ನೆಲ ಸಿಕ್ಕೋವರೆಗೂ ಹಾಗೇ. ನಡುವೆ ಜೇಡಿಮಣ್ಣು. ಗಾರೆ ಇಲ್ಲ."

"ಕಾಣದ ಕಲ್ಲನ್ನ ನಂಬು ಅಂತೀಯ."

ಮೇಡಂ ನಕ್ಕರು. ಅಮ್ಮ ಕಂಬಿಗೆ ಒರಗಿ ಹಿಂದಿನ ನೀರನ್ನೂ ಕೊಳ್ಳಿಡಂ ಪಾತ್ರವನ್ನೂ ಒಂದರ ನಂತರ ಒಂದು ನೋಡುತ್ತಲೇ ಇದ್ದರು. ಈ ಕಡೆಯ ನೀರು ಎತ್ತರದಲ್ಲಿತ್ತು, ಆ ಕಡೆಯದು ಎಷ್ಟೋ ಕೆಳಗೆ. ಕೊನೆಗೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು: "ಇಲ್ಲಿ ಅಡ್ಡ ಇಲ್ದಿದ್ರೆ ಎಲ್ಲಾ ನೀರೂ ತಗ್ಗಿಗೇ ಜಾರತ್ತೆ ಕಣೆ. ಬಲಗಡೆ ಒಂದು ಗದ್ದೆಗೂ ಏರಲ್ಲ."

ಮದುವೆಯಲ್ಲಿ ಹೊಟ್ಟೆ ತುಂಬ ಉಂಡರು. ಊರಿಗೆ ಬಂದ ಮೇಲೆ ಮೇಡಂ ಎದುರು ಬಾಗಿಲು ಹಾಕಿಕೊಳ್ಳುವುದು ನಿಂತಿತು. ಆದರೆ ಒಳಗೊಂದು ಅಳುಕು ಉಳಿದಿತ್ತು. ಸಂಕ್ರಾಂತಿ ಹತ್ತಿರವಿರುವಾಗ ಒಂದು ಬೆಳಿಗ್ಗೆ ಮುನ್ಸೂಚನೆಯಿಲ್ಲದೆ ಮಹಡಿ ಹತ್ತಿ, "ನಿಮ್ಮಣ್ಣನಿಗೆ ಈಗಲೇ ಫೋನ್ ಮಾಡು, ಅಣೆಕಟ್ಟು ತೋರಿಸ್ಲಿ," ಎಂದರು. ಆತ ಅಂದು ಆ ಕಡೆಯೇ ಹೊರಟಿದ್ದರಂತೆ. ಅಲ್ಲಿ ತಲುಪಿ ವಿಡಿಯೋ ಕರೆ ಮಾಡಿದರು. ಎಡಗಡೆಯ ಗೇಟುಗಳೆಲ್ಲ ಮುಚ್ಚಿದ್ದವು. ಅವುಗಳಾಚೆ ಬರೀ ಮರಳು, ಅಲ್ಲೊಂದು ಇಲ್ಲೊಂದು ಕೊಕ್ಕರೆ. ಕಾವೇರಿಯ ಕಡೆ ನೀರು ಸದ್ದಿಲ್ಲದೆ ಹೋಗುತ್ತಿತ್ತು.

ಅಮ್ಮ ಕನ್ನಡಕ ಸರಿಮಾಡಿಕೊಂಡು ಪರದೆಗೆ ಮೂಗು ತಾಗಿಸಿದರು. "ಆ ಮೂಲೆ ಗೇಟು ತೋರಿಸೋಕೆ ಹೇಳು. ಅದರ ಸಂದೀಲಿ ಏನೋ ಜಿನುಗ್ತಿದೆ."