ಹನ್ನೆರಡು ಸಹಿಗೆ ಬಂದ ಉತ್ತರ

ಅವಳಿಗೆ ರೇಡಿಯೋ ಅಂತ ಹೆಸರು ಬಿದ್ದದ್ದು ಐದನೇ ಕ್ಲಾಸಿನಲ್ಲಿ. ಟೀಚರು ಬೆರಳು ತೋರಿಸಿದರೆ ಸಾಕು, ಎದ್ದು ನಿಂತು ಕಣ್ಣು ಮುಚ್ಚಿ ‘ಪ್ರಥಮಾ ಉ, ದ್ವಿತೀಯಾ ಅನ್ನು, ತೃತೀಯಾ ಇಂದ’ ಅಂತ ಶುರು ಮಾಡಿದಳೆಂದರೆ ಸಪ್ತಮಿಯ ‘ಅಲ್ಲಿ’ ಬರುವವರೆಗೆ ಉಸಿರು ಬಿಡುತ್ತಿರಲಿಲ್ಲ. ಇನ್ಸ್‌ಪೆಕ್ಟರು ಬಂದಾಗಲೆಲ್ಲ ಟೀಚರು ಎಬ್ಬಿಸುತ್ತಿದ್ದದ್ದು ಇವಳನ್ನೇ. ಈಗ ಮೂವತ್ತನಾಲ್ಕು ವಯಸ್ಸು, ಶಾಲೆಯ ಹಿಂದಿನ ಬೀದಿಯಲ್ಲಿ ಒಂದು ಕೋಣೆಯ ಹೊಲಿಗೆ ಅಂಗಡಿ, ಕುತ್ತಿಗೆಯಲ್ಲಿ ಸದಾ ಟೇಪು. ಹೆಸರು ಮಾತ್ರ ಬಿಟ್ಟು ಹೋಗಿಲ್ಲ. ಅವಳ ಗಂಡ ಕೂಡ, ಅದೂ ಅವಳಿಗೆ ಕೇಳಿಸದ ಹಾಗೆ, ರೇಡಿಯೋ ಅಂತಲೇ ಕರೆಯುತ್ತಾನೆ.

ಅದೇ ಟೀಚರ ಕ್ಲಾಸಿಗೆ ಈ ವರ್ಷ ಮಗಳು ಹೋದಳು. ರೇಡಿಯೋಗೆ ಹಿಗ್ಗೋ ಹಿಗ್ಗು. ಮಗಳದು ತಾಯಿಗೆ ತದ್ವಿರುದ್ಧ ಸ್ವಭಾವ, ಮೂರು ಸಲ ಕೇಳಿದರೆ ಒಂದು ಸಲ ಉತ್ತರ. ಟೀಚರ ಕೈಗೆ ಸಿಕ್ಕರೆ ಬಾಯಿ ಬರುತ್ತದೆ ಅಂತ ತಾಯಿ ನಂಬಿ ಕೂತಿದ್ದಳು. ನಾಲ್ಕು ತಿಂಗಳು ಕಳೆದ ಮೇಲೆ ಒಂದು ದಿನ ವ್ಯಾಕರಣದ ನೋಟುಬುಕ್ಕು ತೆರೆದು ನೋಡುತ್ತಾಳೆ, ಪಟ್ಟಿ ಇಲ್ಲ, ಸೂತ್ರ ಇಲ್ಲ, ವ್ಯಾಖ್ಯೆ ಇಲ್ಲ. ಬರೀ ಕತೆಯ ಸಾಲುಗಳು, ಅಂಟಿಸಿದ ಚೀಟಿಗಳು, ಪಕ್ಕದಲ್ಲಿ ‘ಇದು ಯಾಕೆ ಹೀಗೆ?’ ಅಂತ ಮಗಳ ಕೋಳಿಕಾಲು ಅಕ್ಷರ. ವಿಭಕ್ತಿ ಹೇಳೇ ಅಂದರೆ ಮಗಳು ಮಿಕಿಮಿಕಿ ನೋಡಿದಳು. ಮುಂದಿನ ವರ್ಷ ದೊಡ್ಡ ಶಾಲೆಯ ಪ್ರವೇಶ ಪರೀಕ್ಷೆ. ಅದರಲ್ಲಿ ಈ ಮೂಗಿಯನ್ನು ಯಾರು ದಡ ಸೇರಿಸಬೇಕು?

ಅವಳು ಸುಮ್ಮನಿರುವ ಪೈಕಿ ಅಲ್ಲ. ಯೂನಿಫಾರ್ಮಿನ ಅಳತೆಗೆ ಬಂದ ತಾಯಂದಿರ ಹತ್ತಿರ, ಗುಂಡಿ ಹಾಕಿಸಲು ಬಂದ ಅಪ್ಪಂದಿರ ಹತ್ತಿರ ಎಲ್ಲ ಹೇಳಿದಳು. ಟೀಚರಿಗೆ ನಿವೃತ್ತಿ ಹತ್ತಿರ ಬಂತು, ಮೈಗಳ್ಳತನ ಶುರುವಾಗಿದೆ, ನಮಗೆ ಕೊಟ್ಟಿದ್ದನ್ನು ನಮ್ಮ ಮಕ್ಕಳಿಗೆ ಕೊಡುತ್ತಿಲ್ಲ. ಐದನೇ ಕ್ಲಾಸನ್ನು ಅವರಿಂದ ತೆಗೆದು ಬೇರೆಯವರಿಗೆ ಕೊಡಿ ಅಂತ ಹೆಡ್‌ಮಾಸ್ಟರಿಗೆ ಅರ್ಜಿ ಹಾಕುವುದು ಅಂತಾಯಿತು. ಬರೆಯುವವರು ಯಾರು? ಇನ್ನಾರು, ರೇಡಿಯೋ ಇರುವಾಗ.

ಬರೆಯಲು ಕೂತಳು. ‘ಮಾನ್ಯರೇ’ ಅಂತ ಬರೆದಳು. ಮುಂದಿನ ಸಾಲು ಬರಲಿಲ್ಲ. ಬಾಯಲ್ಲಿ ಅರ್ಧ ಗಂಟೆ ಹೇಳಿದ್ದು ಕಾಗದದ ಮೇಲೆ ಒಂದು ಸಾಲೂ ಆಗಿ ಕೂರಲೊಲ್ಲದು. ಮೂರು ಹಾಳೆ ಮುದುರಿ ಎಸೆದಳು. ಜೊತೆಗಿದ್ದವರನ್ನು ಕೇಳಿದರೆ ಒಬ್ಬರಿಗೆ ಕೆಲಸ, ಇನ್ನೊಬ್ಬರಿಗೆ ಕನ್ನಡಕ ಮರೆತುಹೋಗಿದೆ. ಕೊನೆಗೆ ಕೋರ್ಟಿನ ಎದುರು ಕೂರುವ ಟೈಪಿಸ್ಟನ ಹತ್ತಿರ ಹೋಗಿ ಅರ್ಜಿ ಮಾಡಿಸಿದರು. ‘ತಮ್ಮ ಘನ ಸನ್ನಿಧಿಯಲ್ಲಿ ಈ ಕೆಳಗೆ ಸಹಿ ಮಾಡಿರುವ ಪೋಷಕರಾದ ನಾವುಗಳು’ ಅಂತ ಶುರುವಾಗಿ ಎರಡು ಪುಟ ಓಡಿತು. ಅರ್ಧ ಅರ್ಥವಾಗಲಿಲ್ಲ, ಆದರೆ ಕೇಳಲು ಗಂಭೀರವಾಗಿತ್ತು. ರೇಡಿಯೋ ಮೊದಲ ಸಹಿ ಹಾಕಿದಳು. ಅವಳ ಕೆಳಗೆ ಹನ್ನೊಂದು ಬಿದ್ದವು. ಹೆಡ್‌ಮಾಸ್ಟರು ಅರ್ಜಿ ತೆಗೆದುಕೊಂಡು, ಶನಿವಾರ ಪೋಷಕರ ಸಭೆಯಲ್ಲಿ ತೀರ್ಮಾನ ಮಾಡೋಣ ಎಂದರು.

ಸೋಮವಾರ ಮಗಳ ಚೀಲದಲ್ಲಿ ಒಂದು ಕಾಗದ ಬಂತು. ಎಲ್ಲ ಮಕ್ಕಳ ಚೀಲದಲ್ಲೂ ಅದೇ ಕಾಗದ. ಟೀಚರ ದುಂಡನೆಯ ಅಕ್ಷರವನ್ನು ಜೆರಾಕ್ಸ್ ಮಾಡಿಸಿದ್ದರು. ರೇಡಿಯೋ ಮೆಷಿನ್ನಿನ ಮೇಲಿದ್ದ ಕಾಲರಿನ ತುಂಡುಗಳನ್ನು ಬದಿಗೆ ಸರಿಸಿ, ಜಗಳಕ್ಕೆ ತಯಾರಾಗಿಯೇ ಓದತೊಡಗಿದಳು.

‘ಪ್ರೀತಿಯ ಪೋಷಕರೇ,

ನಾನು ನಿಯಮಗಳನ್ನು ಯಾಕೆ ಬಾಯಿಪಾಠ ಮಾಡಿಸುತ್ತಿಲ್ಲ ಎಂದು ಕೇಳಿದ್ದೀರಿ. ಕೇಳಬೇಕಾದ ಪ್ರಶ್ನೆ. ನಾವು ಮೊದಲು ಒಂದು ಪುಟ ಓದುತ್ತೇವೆ, ಅದರ ಕತೆಗಾಗಿಯೇ ಓದುತ್ತೇವೆ. ಆಮೇಲೆ ಅದೇ ಪುಟಕ್ಕೆ ಮರಳಿ, ಒಂದೇ ಥರ ಕಾಣುವ ಮಾತುಗಳನ್ನು ಆರಿಸುತ್ತೇವೆ, ಗುಂಪು ಮಾಡುತ್ತೇವೆ, ಅವು ಅಲ್ಲಿ ಏನು ಕೆಲಸ ಮಾಡುತ್ತಿವೆ ಎಂದು ಕೇಳಿಕೊಳ್ಳುತ್ತೇವೆ. ಮಕ್ಕಳು ತಮ್ಮ ಮಾತಿನಲ್ಲಿ ನಿಯಮ ಹೇಳುತ್ತಾರೆ. ತಪ್ಪಾದರೆ ಇನ್ನೊಂದು ಪುಟ ಓದಿ ತಿದ್ದಿಕೊಳ್ಳುತ್ತಾರೆ. ನಂತರ ತಾವೇ ನಾಲ್ಕು ಸಾಲು ಬರೆದು ನೋಡುತ್ತಾರೆ. ಪುಸ್ತಕದ ಹೆಸರು, ಪಟ್ಟಿ ಎಲ್ಲಕ್ಕಿಂತ ಕೊನೆಗೆ. ಆದರೆ ಖಂಡಿತ ಕೊಡುತ್ತೇನೆ, ಪರೀಕ್ಷೆಗೆ ಅದು ಬೇಕು. ಇದಕ್ಕೆ ಸಮಯ ಹಿಡಿಯುತ್ತದೆ. ನಿಮ್ಮ ಭಯ ನನಗೆ ಅರ್ಥವಾಗುತ್ತದೆ.

ಹೋದ ವರ್ಷ ಆಸ್ಪತ್ರೆಯಲ್ಲಿ ಕೆಲಸ ಮಾಡುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಬಾಗಿಲಲ್ಲೇ ನಗುತ್ತ ಏಳೂ ವಿಭಕ್ತಿ ಒಪ್ಪಿಸಿದ. ಬಂದದ್ದು ಮಾತ್ರ ಒಂದು ರಜಾ ಅರ್ಜಿ ಬರೆಸಿಕೊಂಡು ಹೋಗಲು. ಬರೆದುಕೊಟ್ಟೆ. ಆ ದಿನ ನನಗೆ ಊಟ ಸೇರಲಿಲ್ಲ.

ನಿಮ್ಮ ಅರ್ಜಿಯನ್ನು ಹೆಡ್‌ಮಾಸ್ಟರು ತೋರಿಸಿದರು. ಹನ್ನೆರಡು ಸಹಿಗಳಲ್ಲಿ ಒಂಬತ್ತು ನನ್ನ ಕ್ಲಾಸಿನಲ್ಲಿ ಓದಿದ ಮಕ್ಕಳವು. ಈಗಲೂ ಅಕ್ಷರ ನೋಡಿದರೆ ಮುಖ ನೆನಪಾಗುತ್ತದೆ. ಎಲ್ಲರೂ ವ್ಯಾಕರಣದಲ್ಲಿ ಪೂರ್ತಿ ಅಂಕ ತೆಗೆದವರು. ಅರ್ಜಿಯನ್ನು ಬರೆದದ್ದು ಮಾತ್ರ, ಭಾಷೆ ನೋಡಿದರೇ ಗೊತ್ತಾಗುತ್ತದೆ, ಕೋರ್ಟಿನ ಎದುರಿನ ಟೈಪಿಸ್ಟು. ನನ್ನ ಮೇಲೆ ನೀವು ಹಾಕಿದ ದೂರಿನಲ್ಲಿ ಇಲ್ಲದ ದೂರು ಇದು, ಮತ್ತು ಇದೇ ನಿಜವಾದದ್ದು. ಈ ತಪ್ಪು ನಿಮ್ಮದಲ್ಲ, ನನ್ನದು. ಇದನ್ನೇ ನಿಮ್ಮ ಮಕ್ಕಳಿಗೂ ಮಾಡಿ ಎಂದು ಮಾತ್ರ ಕೇಳಬೇಡಿ.

ಬುಧವಾರ ಎರಡನೇ ಪೀರಿಯಡ್ಡಿಗೆ ಬನ್ನಿ. ಹಿಂದಿನ ಬೆಂಚು ಖಾಲಿ ಇಟ್ಟಿರುತ್ತೇನೆ.’

ರೇಡಿಯೋ ಎರಡು ಸಲ ಓದಿದಳು. ಮುದುರಿ ಎಸೆದ ಮೂರು ಹಾಳೆ ಇನ್ನೂ ಮೆಷಿನ್ನಿನ ಕೆಳಗೆ ಬಟ್ಟೆಚೂರಿನ ಜೊತೆ ಬಿದ್ದಿದ್ದವು. ಅವನ್ನು ಯಾರಾದರೂ ನೋಡಿಯಾರೆಂಬಂತೆ ಕಾಲಿನಿಂದ ಒಳಗೆ ತಳ್ಳಿದಳು. ನಾಚಿಕೆ ಅಂದರೆ ನಾಚಿಕೆ, ಕಿವಿಯವರೆಗೆ ಬಿಸಿ ಏರಿತು. ಅದಾಗಿ ಸಿಟ್ಟೂ ಬಂತು. ತಪ್ಪು ಒಪ್ಪಿಕೊಂಡರೆ ಆಯಿತೇ, ನನ್ನ ಮಗಳು ಪರೀಕ್ಷೆಯಲ್ಲಿ ಏನು ಬರೀಬೇಕು ಅಂತ ಗೊಣಗಿಕೊಂಡೇ ಬುಧವಾರ ಅಂಗಡಿ ಮುಚ್ಚಿ ಹೋದಳು.

ಹಿಂದಿನ ಬೆಂಚಿನಲ್ಲಿ ಅವಳ ಜೊತೆ ಇನ್ನಿಬ್ಬರೇ. ಬೆಂಚು ಚಿಕ್ಕದು, ಮೊಣಕಾಲು ಎದೆಗೆ ಬಂತು. ಟೀಚರು ತಲೆಯಾಡಿಸಿದರು ಅಷ್ಟೆ, ಉಪಚಾರ ಇಲ್ಲ. ಮಕ್ಕಳು ಬೆಕ್ಕೊಂದು ಮರ ಹತ್ತಿ ಇಳಿಯಲಾಗದೆ ಕೂತ ಕತೆ ಓದಿ ನಕ್ಕು ಮುಗಿಸಿದ್ದರು. ಈಗ ಮತ್ತೆ ಅದೇ ಪುಟ. ನಾಲ್ಕು ನಾಲ್ಕು ಮಕ್ಕಳು ತಲೆ ಕೂಡಿಸಿ ಕೂತು ಚೀಟಿಗಳಲ್ಲಿ ಮಾತು ಬರೆದು ವಿಂಗಡಿಸುತ್ತಿದ್ದರು. ಮರವನ್ನು, ಬೆಕ್ಕನ್ನು ಒಂದು ಕಡೆ. ಮರದಲ್ಲಿ, ಮನೆಯಲ್ಲಿ ಇನ್ನೊಂದು ಕಡೆ. ಯಾರೂ ಹೇಳಿಕೊಟ್ಟಿದ್ದಲ್ಲ. ತಾನು ಕಣ್ಣು ಮುಚ್ಚಿ ಒಪ್ಪಿಸುತ್ತಿದ್ದ ಪಟ್ಟಿ ಆ ಪುಟಾಣಿ ಕೈಗಳ ಕೆಳಗೆ ತಾನಾಗಿ ಸಾಲುಗಟ್ಟುತ್ತಿರುವುದನ್ನು ನೋಡಿ ರೇಡಿಯೋ ದಂಗಾದಳು.

‘ಇಂದ’ ಇರುವ ಚೀಟಿಗಳನ್ನು ಒಬ್ಬ ಹುಡುಗ ತಂದು ಮೇಜಿನ ಮೇಲಿಟ್ಟ. ಮರದಿಂದ, ಕೊಂಬೆಯಿಂದ, ಮನೆಯಿಂದ. ಇವೆಲ್ಲ ಎಲ್ಲಿಂದ ಬಂತು ಅಂತ ಹೇಳುವ ಮಾತುಗಳು ಅಂದ. ಕ್ಲಾಸು ಒಪ್ಪಿತು. ಟೀಚರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಮತ್ತೊಮ್ಮೆ ಪುಟ ನೋಡಿ ಎಂದಷ್ಟೇ ಹೇಳಿ ಕಿಟಕಿಯ ಹತ್ತಿರ ಹೋಗಿ ನಿಂತರು. ಮಕ್ಕಳು ಪುಟದ ಮೇಲೆ ಬೆರಳಿಟ್ಟು ಸಾಲು ಸಾಲಾಗಿ ಹುಡುಕಿದರು. ಆಮೇಲೆ ಮೂರನೇ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು. ರೇಡಿಯೋ ನೋಡುತ್ತಾಳೆ, ತನ್ನ ಮಗಳ ಕೈ.

“ಟೀಚರ್, ಏಣಿಯಿಂದ ಇಳಿಸಿದರು ಅಂತಾನೂ ಇದೆ. ಬೆಕ್ಕು ಇಳಿದಿದ್ದು ಮರದಿಂದ. ಏಣಿ ಬರೀ ಇಳಿಸೋಕೆ ಬೇಕಾಗಿದ್ದು. ಮಾತು ಒಂದೇ ಥರ ಇದೆ, ಕೆಲಸ ಬೇರೆ.”

ಟೀಚರು ತಿರುಗಿದರು. ಹಳೆಯ ಕಾಲದ ವಿದ್ವಾಂಸರಿಗೂ ಹೀಗೇ ಅನ್ನಿಸಿತ್ತಂತೆ, ಅದಕ್ಕೇ ಅವರು ಈ ಎರಡು ಕೆಲಸಕ್ಕೆ ಎರಡು ಮನೆ ಮಾಡಿದರು, ಮೂರನೆಯದು ಒಂದು, ಐದನೆಯದು ಒಂದು ಅಂತ ಮಕ್ಕಳಿಗೆ ಹೇಳಿದರು. ಮೂವತ್ತೆರಡು ವರ್ಷ ಪಾಠ ಮಾಡಿದ ಹೆಂಗಸು, ಹತ್ತು ವರ್ಷದ ಹುಡುಗಿಯ ಮುಂದೆ ಬೆರಗಾಗಿ ನಿಂತಿದ್ದರು.

ರೇಡಿಯೋ ‘ಪಂಚಮೀ ದೆಸೆಯಿಂದ’ ಅಂತ ಸಾವಿರ ಸಲ ಒಪ್ಪಿಸಿದ್ದಾಳೆ. ಆ ದೆಸೆ ಏನು, ಅದು ಐದನೆಯ ಸಾಲಿನಲ್ಲಿ ಯಾಕೆ ಕೂತಿದೆ, ಒಂದು ಸಲವೂ ಕೇಳಿಕೊಂಡವಳಲ್ಲ. ತನ್ನ ಮೂಗಿ ಮಗಳು ಒಂದು ಬೆಕ್ಕಿನ ಕತೆ ಓದಿ, ಯಾರೂ ಹೇಳದೆ, ಅಲ್ಲಿಗೆ ನಡೆದುಕೊಂಡು ಹೋಗಿದ್ದಳು. ರೇಡಿಯೋ ಅಂಗಿ ಹೊಲಿಯಲು ಕಲಿತದ್ದೂ ಹೀಗೇ ಅಲ್ಲವೇ? ಅಪ್ಪನ ಹಳೆಯ ಅಂಗಿಯ ಕಾಲರನ್ನು ಎಳೆ ಎಳೆಯಾಗಿ ಬಿಚ್ಚಿ, ಅದು ನಿಂತದ್ದು ಹೇಗೆ ಅಂತ ನೋಡಿ, ಮತ್ತೆ ಹೊಲಿದು. ಕೈಗೆ ಗೊತ್ತಿದ್ದ ಮಾತು ತಲೆಗೆ ಹತ್ತಲು ಇಷ್ಟು ವರ್ಷ ಹಿಡಿಯಿತಲ್ಲ ಅಂತ ಅವಳಿಗೇ ಅಚ್ಚರಿ. ಆಮೇಲೆ ತಟ್ಟನೆ ನೆನಪಾಯಿತು, ಶನಿವಾರ ಈ ಕ್ಲಾಸನ್ನು ಟೀಚರಿಂದ ತೆಗೆಯುವ ಕಾಗದದ ನೆತ್ತಿಯಲ್ಲಿ ಇರುವುದು ತನ್ನದೇ ಸಹಿ.

ಗುರುವಾರ ಸಂಜೆ ಮತ್ತೆ ಬರೆಯಲು ಕೂತಳು. ಟೈಪಿಸ್ಟನ ಹತ್ತಿರ ಹೋಗಲಿಲ್ಲ. ಮಗಳು ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂತು, ಹೆಡ್‌ಮಾಸ್ಟರು ಎದುರಿಗೆ ಇದ್ದರೆ ಮೊದಲು ಏನು ಹೇಳ್ತೀಯಮ್ಮ, ಅದನ್ನೇ ಬರಿ ಎಂದಳು. ಬರೆದ ಮೇಲೆ ಗಟ್ಟಿಯಾಗಿ ಓದಿಸಿದಳು. ತಾಯಿ ಎಲ್ಲಿ ತಡವರಿಸಿದಳೋ ಅಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕಿ ಇಟ್ಟಳು, ತಾನಾಗಿ ಒಂದು ಅಕ್ಷರವನ್ನೂ ತಿದ್ದಲಿಲ್ಲ. ನಾಲ್ಕು ಸಾಲಿಗೆ ಎರಡು ಸಂಜೆ ಹಿಡಿಯಿತು. ಒಂದು ಕೋಟು ಹೊಲಿದು ಮುಗಿಸಬಹುದಿತ್ತು.

ಶನಿವಾರ ಹೆಡ್‌ಮಾಸ್ಟರು ಅರ್ಜಿಯ ಎರಡು ಪುಟವನ್ನು ಓದಿ ಮುಗಿಸಿ ಬೆವರು ಒರೆಸಿಕೊಂಡರು. ಟೀಚರು ಮೂಲೆಯ ಕುರ್ಚಿಯಲ್ಲಿ ಕೈಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದ ರೇಡಿಯೋ ಎದ್ದಳು. ಕಣ್ಣು ಮುಚ್ಚಲಿಲ್ಲ, ಕಾಗದ ನೋಡಿಯೇ ಓದಿದಳು.

“ಟೀಚರನ್ನು ನನ್ನ ಮಗಳಿಂದ ದೂರ ಮಾಡಬೇಡಿ. ಅರ್ಜಿಯಲ್ಲಿ ಮೊದಲನೇ ಸಹಿ ನನ್ನದು. ಆದರೆ ಆ ಅರ್ಜಿಯಲ್ಲಿ ಒಂದು ಮಾತೂ ನನ್ನದಲ್ಲ. ಈ ಕಾಗದದಲ್ಲಿರುವ ಮಾತೆಲ್ಲ ನನ್ನದು, ತಪ್ಪುಗಳೂ ನನ್ನವೇ.”

ಹಿಂದಿನ ಬೆಂಚಿನಲ್ಲಿ ಅವಳ ಜೊತೆ ಕೂತಿದ್ದ ಇಬ್ಬರು ತಮ್ಮ ಸಹಿಯನ್ನೂ ಹೊಡೆದುಹಾಕಿ ಎಂದರು. ಉಳಿದವರಲ್ಲಿ ಐದು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ಅದನ್ನೇ ಹೇಳಿದರು. ನಾಲ್ಕು ಜನ ಜಗ್ಗಲಿಲ್ಲ, ಪರೀಕ್ಷೆ ಬರಲಿ ನೋಡೋಣ ಅಂತ ಗೊಣಗಿದರು. ಐದನೇ ಕ್ಲಾಸು ವರ್ಷದ ಕೊನೆಯವರೆಗೆ ಟೀಚರ ಕೈಯಲ್ಲೇ ಇರಲಿ ಎಂದು ಹೆಡ್‌ಮಾಸ್ಟರು ಬರೆದುಕೊಂಡರು.

ಎಲ್ಲರೂ ಏಳುವಾಗ ಟೀಚರು ಕೈ ಚಾಚಿ ಆ ಹಾಳೆ ಕೇಳಿದರು. ಹಾಳೆಯ ತುಂಬ ಪೆನ್ಸಿಲಿನ ಚುಕ್ಕಿಗಳು, ಅಳಿಸಿದ ಗುರುತುಗಳು. ಅಭ್ಯಾಸಬಲದಿಂದ ಕೈ ಕೆಂಪು ಪೆನ್ನಿಗೆ ಹೋಯಿತು, ಮುಚ್ಚಳ ತೆಗೆಯಲಿಲ್ಲ. ನಿಂತಲ್ಲೇ ನಿಧಾನವಾಗಿ ಓದಿದರು.

“ಇಪ್ಪತ್ತಮೂರು ವರ್ಷ ತಡವಾಗಿ ಬಂದ ಹೋಮ್‌ವರ್ಕ್ ಇದು” ಎಂದರು. “ತಡ ನಿನ್ನದಲ್ಲಮ್ಮ. ನಾನು ಕೊಟ್ಟೇ ಇರಲಿಲ್ಲ.”

ರೇಡಿಯೋ ಏನೋ ಹೇಳಬೇಕೆಂದು ಬಾಯಿ ತೆರೆದಳು. ಜೀವಮಾನದಲ್ಲಿ ಮೊದಲ ಸಲ ಅವಳಿಗೆ ಮಾತು ಬರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಮಗಳು ತಾಯಿಯ ಕೈ ಹಿಡಿದುಕೊಂಡು, ಅವಳ ಪರವಾಗಿ ತಾನೇ ಹೇಳಿದಳು.

“ಅಮ್ಮ ನಾಳೆ ಇನ್ನೊಂದು ಬರೀತಾಳೆ, ಟೀಚರ್.”